ಹಳೇ ಸ್ಕೂಟರ್: ಎಕ್ಸ್‌ಚೇಂಜಿಗೆ ಕೊಡೋದಾ, ನೇರವಾಗಿ ಮಾರೋದಾ?

ಆರು ವರ್ಷದ ಸ್ಕೂಟರಿಗೆ ಶೋರೂಂನವರು 35,000 ಅಂದರು ಎಂದಿಟ್ಟುಕೊಳ್ಳಿ. ಅದರಲ್ಲಿ ಹೊಸ ಗಾಡಿಯ ಬೋನಸ್ 3,000 ಸೇರಿದೆಯಾ, ಕೇಳಿ. ನೀವು ಹೊಸದು ಕೊಳ್ಳದಿದ್ದರೆ ನಿಜವಾದ ಬೆಲೆ 32,000. ಕಾಗದಪತ್ರದ ಓಡಾಟ ಹೆಚ್ಚಾಗಿ ಅವರದೇ.

ನೇರವಾಗಿ ಮಾರಿದರೆ ಜಾಸ್ತಿ ಸಿಗುತ್ತದೆ. ಅಂಥದೇ ಗಾಡಿಗೆ ಜಾಹೀರಾತಿನಲ್ಲಿ 45,000 ಇರಬಹುದು. ಆದರೆ ಅದು ಮಾರುವವರ ಆಸೆ ಅಷ್ಟೇ ಅಲ್ವಾ? ವಾರಗಟ್ಟಲೆ ಹಾಗೇ ಬಿದ್ದಿರುವ ಜಾಹೀರಾತನ್ನು ಲೆಕ್ಕಕ್ಕೇ ಹಿಡಿಯಬೇಡಿ. ಚೌಕಾಸಿಗೆ 3,000, ಸವೆದ ಹಿಂದಿನ ಟೈರಿಗೆ 2,000 ಕಳೆಯಿರಿ. ಉಳಿದದ್ದು 40,000.

ಇನ್ನು ಇಳಿಯಲ್ಲ ಅನ್ನುವ ಕೊನೆಯ ಬೆಲೆಗೆ ಮಾತ್ರ ಶೋರೂಂ ಬೆಲೆಯಿಂದ ಮೇಲಕ್ಕೆ ಲೆಕ್ಕ ಹಾಕಿ: 32,000, ಜೊತೆಗೆ ನಿಮ್ಮ ತಲೆನೋವಿಗೆ 4,000. ಹೆಸರು ವರ್ಗಾವಣೆಯ ಫಾರಂ 29, 30, ಆರ್‌ಟಿಒ ಓಡಾಟ, ಸುಮ್ನೆ ಟೆಸ್ಟ್ ರೈಡಿಗೆ ಬರುವವರು, ಎಲ್ಲ ಅದರಲ್ಲೇ. ಗಿರಾಕಿ 36,000ಕ್ಕಿಂತ ಇಳಿದರೆ ಶೋರೂಮೇ ವಾಸಿ. ಅಂದಹಾಗೆ, ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ದಂಡದ ನೋಟಿಸ್ ನಿಮ್ಮ ಮನೆಗೇ ಬರುತ್ತದೆ.