ನಾಗರಾಜನೋ, ನಾಗೇಂದ್ರನೋ, ನಾಗೇಶನೋ?

ಮಗನಿಗೆ ಇವುಗಳಲ್ಲಿ ಯಾವ ಹೆಸರಿಡುವುದು ಎಂಬುದು ಪ್ರಶ್ನೆ. ಮೊದಲ ಎರಡು ಹೆಸರುಗಳು ಅರ್ಥದಲ್ಲಿ ಹತ್ತಿರದವು. ‘ರಾಜ’ ಎಂದರೆ ಒಡೆಯ. ನಾಗರಾಜ ಹಾವುಗಳ ಅರಸು. ‘ಇಂದ್ರ’ ಕೊನೆಗೆ ಬಂದರೆ ಸಾಮಾನ್ಯವಾಗಿ ‘ಶ್ರೇಷ್ಠ’ ಎಂದರ್ಥ, ದೇವೇಂದ್ರನೇ ಆಗಬೇಕಿಲ್ಲ. ನಾಗರಕಲ್ಲಿಗೆ ಹರಕೆ ಹೊತ್ತ ಮನೆಗೆ ಎರಡೂ ಸರಿ. ಕರೆಯಲು ನಾಗರಾಜ ಸಲೀಸು.

ಎಚ್ಚರ ಬೇಕಾದದ್ದು ‘ಈಶ’ದಲ್ಲಿ. ನಾಗೇಶ, ಗಿರೀಶ, ಮಹೇಶ ಶಿವನ ಹೆಸರುಗಳು. ಆದರೆ ರಮೆಯ, ಅಂದರೆ ಲಕ್ಷ್ಮಿಯ ಒಡೆಯ ರಮೇಶ ವಿಷ್ಣು. ಸುರರ ಒಡೆಯ ಸುರೇಶ ಇಂದ್ರ, ದಿನದ ಒಡೆಯ ದಿನೇಶ ಸೂರ್ಯ. ದೇವರು ಯಾರೆಂದು ಹೇಳುವುದು ಮೊದಲ ಭಾಗ, ಕೊನೆಯದಲ್ಲ.

ಚಿಕ್ಕಬಳ್ಳಾಪುರದ ಕಡೆ, ನಂದಿಯ ಭೋಗನಂದೀಶ್ವರನಿಗೆ ನಡೆದುಕೊಳ್ಳುವ ಮನೆಯವರಾದರೆ ನನ್ನ ಮತ ನಂದೀಶನಿಗೆ: ನಂದಿಯ ಒಡೆಯ, ಶಿವನೇ. ನಂದಿರಾಜ ಎಂದರೆ ಗೌರವ ಬಸವಣ್ಣನಿಗೆ ಸಲ್ಲುತ್ತದೆ. ಜನನ ಪ್ರಮಾಣಪತ್ರದಲ್ಲಿ ‘ದೀ’ ದೀರ್ಘವಾಗಿದೆಯೇ ನೋಡಿಕೊಳ್ಳಿ.