ತರಬೇತುದಾರರು ಕೊಟ್ಟ ಪಟ್ಟಿಯಲ್ಲಿ "1,850 ಜನ" ಅಂತಿದ್ದರೆ, ಆ ಲೆಕ್ಕ ಎಲ್ಲಿಂದ ಬಂತು ಅಂತ ಮೊದಲು ಕೇಳಿ

ನಮ್ಮದು ತಾಲೂಕು ಕೇಂದ್ರದ ಪದವಿ ಕಾಲೇಜು. ನಾನು ಕಾಮರ್ಸ್ ಪಾಠ ಮಾಡುತ್ತೇನೆ, ಪ್ಲೇಸ್‌ಮೆಂಟ್ ಸೆಲ್ ಕೆಲಸವೂ ನನ್ನದೇ. ಹೋದ ವರ್ಷ ಕೊನೇ ವರ್ಷದ ಬಿ.ಕಾಂ. ಮಕ್ಕಳಿಗೆ ಇಂಟರ್‌ವ್ಯೂ ತಯಾರಿಯ ಎರಡು ದಿನದ ಕಾರ್ಯಾಗಾರ ಮಾಡಿಸಿದೆವು. ಒಟ್ಟು 62 ಮಕ್ಕಳು. ತರಬೇತುದಾರರನ್ನು ಆರಿಸಿದ್ದು ನಾನು. ಆರಿಸುವಾಗ ನಾನು ನೋಡಬೇಕಾದ್ದನ್ನು ನೋಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ತರಬೇತುದಾರರು ತಾವು ಹಿಂದೆ ನಡೆಸಿದ ಕಾರ್ಯಕ್ರಮಗಳ ಪಟ್ಟಿ ಕಳಿಸಿದ್ದರು, ಎಂಟು ಪುಟದ ಪಿಡಿಎಫ್. ತಾರೀಖು, ವಿಷಯ, ಯಾರು ಏರ್ಪಡಿಸಿದ್ದು, ಎಷ್ಟು ಜನ ಬಂದಿದ್ದರು, ಕೊನೆಗೆ ವಿಡಿಯೊ ಲಿಂಕ್. ತುಂಬಾ ಅಚ್ಚುಕಟ್ಟಾಗಿತ್ತು. ಒಂದು ಸಾಲು ಇನ್ನೂ ನೆನಪಿದೆ: ಮೇ 2020, ರಾಷ್ಟ್ರೀಯ ವೆಬಿನಾರ್, 1,850 ಜನ. ಅಷ್ಟು ಜನರನ್ನು ಹಿಡಿದಿಟ್ಟವರಿಗೆ ನಮ್ಮ 62 ಮಕ್ಕಳು ಯಾವ ಲೆಕ್ಕ ಅಂದುಕೊಂಡೆ. ಎರಡು ಲಿಂಕ್ ತೆಗೆದು ಐದೈದು ನಿಮಿಷ ನೋಡಿದೆ. ಮಾತು ಚೆನ್ನಾಗಿತ್ತು. 40,000 ರೂಪಾಯಿಗೆ ಒಪ್ಪಿಕೊಂಡು, ಅರ್ಧ ಮುಂಗಡ ಕಳಿಸಿದೆವು.

ಮೊದಲ ದಿನ ಆಡಿಟೋರಿಯಂನಲ್ಲಿ ಉದ್ಘಾಟನೆ. ಕುರ್ಚಿ ಖಾಲಿ ಕಾಣಬಾರದು ಅಂತ ಮೊದಲ, ಎರಡನೇ ವರ್ಷದವರನ್ನೂ ಕರೆದು ಕೂರಿಸಿದ್ದೆವು. ಸುಮಾರು 250 ಜನ ಇದ್ದರು. ದೀಪ ಹಚ್ಚಿ, ಹಾರ ಹಾಕಿ, ವಂದನಾರ್ಪಣೆ ಆದಮೇಲೆ ಅವರೆಲ್ಲ ಎದ್ದು ಕ್ಲಾಸಿಗೆ ಹೋದರು. ಉಳಿದ 62 ಜನರಿಗೆ ತರಬೇತುದಾರರು ಸಂಜೆವರೆಗೂ ಭಾಷಣ ಮಾಡಿದರು. ಎರಡನೇ ದಿನ ಬೆಳಗ್ಗೆಯೂ ಅದೇ. ಮಧ್ಯಾಹ್ನ ಮೂರು ಗಂಟೆಗೆ ಅಣಕು ಇಂಟರ್‌ವ್ಯೂ ಶುರುವಾಯಿತು. ನಾಲ್ಕೂವರೆಗೆ ಅವರಿಗೆ ಬಸ್ಸು. ಅಷ್ಟರಲ್ಲಿ ಒಂಬತ್ತು ಮಕ್ಕಳ ಸರದಿ ಮುಗಿದಿತ್ತು. ಉಳಿದ 53 ಮಕ್ಕಳು ರೆಸ್ಯೂಮೆ ಹಿಡಿದುಕೊಂಡು ಕೂತೇ ಇದ್ದರು.

ಈ ಲೆಕ್ಕವನ್ನು ನಾನು ಮೊದಲೇ ಹಾಕಬಹುದಿತ್ತು. ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂದರೂ 62 ಮಕ್ಕಳಿಗೆ 620 ನಿಮಿಷ, ಹತ್ತು ಗಂಟೆಗೂ ಜಾಸ್ತಿ. ಎರಡು ದಿನದಲ್ಲಿ ನಮಗೆ ಸಿಗುವ ಪೂರ್ತಿ ಸಮಯವೇ ಅಷ್ಟು. ಒಬ್ಬರೇ ಬಂದರೆ ಎಲ್ಲರ ಸರದಿ ಬರುವುದಿಲ್ಲ. ಇಬ್ಬರು ಸಹಾಯಕರಾದರೂ ಬೇಕು, ಇಲ್ಲವೇ ಮಕ್ಕಳನ್ನು ಮೂರು ಮೂರು ಜನರ ಗುಂಪು ಮಾಡಿ, ಒಬ್ಬರು ಕೇಳುವುದು, ಒಬ್ಬರು ಉತ್ತರಿಸುವುದು, ಒಬ್ಬರು ಬರೆದುಕೊಳ್ಳುವುದು ಅಂತ ಹಂಚಬೇಕು. ಅದನ್ನು ಮಾಡಿಸುವುದೇ ಒಂದು ಕೆಲಸ. ಭಾಷಣ ಮಾಡುವವರಿಗೆಲ್ಲ ಅದು ಬರುವುದಿಲ್ಲ. ಪಟ್ಟಿಯಲ್ಲಿ "ಕಾರ್ಯಾಗಾರ" ಅಂತ ಬರೆದ ಸಾಲಿನ ಮುಂದೆ 400, 600 ಜನ ಅಂತಿದ್ದದ್ದನ್ನು ನೋಡಿ ನಾನು ಮೆಚ್ಚಿಕೊಂಡಿದ್ದೆ. ಅಲ್ಲೇ ಅನುಮಾನ ಬರಬೇಕಿತ್ತು. 600 ಜನರನ್ನು ಒಬ್ಬರು ಒಂದು ದಿನ ಕೂರಿಸಿದರೆ ಅದು ಭಾಷಣ, ಕಾರ್ಯಾಗಾರ ಅಲ್ಲ.

ಆಮೇಲೆ ಬೇಜಾರಾಗಿ ಆ 1,850ರ ಸಾಲಿನ ಹಿಂದೆ ಬಿದ್ದೆ. ಏರ್ಪಡಿಸಿದ ಕಾಲೇಜಿಗೆ ಫೋನ್ ಮಾಡಿದೆ. ಆಗಿನ ಸಂಯೋಜಕರು ಸಿಕ್ಕರು, ಏನನ್ನೂ ಮುಚ್ಚಿಡಲಿಲ್ಲ. "ಮೇಡಂ, 1,850 ಅನ್ನೋದು ಗೂಗಲ್ ಫಾರ್ಮ್‌ನಲ್ಲಿ ಹೆಸರು ಕೊಟ್ಟವರು. ನಮ್ಮ ಜೂಮ್ ಖಾತೆಗೆ 100 ಜನರೇ ಮಿತಿ. ಉಳಿದವರಿಗೆ ಯೂಟ್ಯೂಬ್ ಲಿಂಕ್ ಕೊಟ್ಟಿದ್ವಿ. ಅಲ್ಲಿ ಒಂದೇ ಸಲಕ್ಕೆ ನೋಡ್ತಿದ್ದವರು 140 ದಾಟಲಿಲ್ಲ," ಅಂದರು.

ಲಾಕ್‌ಡೌನ್ ಕಾಲದಲ್ಲಿ ಕಾಲೇಜುಗಳಲ್ಲಿ ಇದ್ದವರಿಗೆ ಇದು ಗೊತ್ತು. ಅಭಿಪ್ರಾಯದ ಫಾರ್ಮ್ ತುಂಬಿದರೆ ಸಾಕು, ಇ-ಸರ್ಟಿಫಿಕೇಟ್ ತಾನಾಗಿ ಮೇಲ್‌ಗೆ ಬರುತ್ತಿತ್ತು. ಫಾರ್ಮ್ ಲಿಂಕ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಒಂದು ನಿಮಿಷ ನೋಡದವರೂ ಸರ್ಟಿಫಿಕೇಟ್ ತಗೊಂಡರು. ಹೀಗಾಗಿ ಹೆಸರು ಕೊಟ್ಟವರು, ಫಾರ್ಮ್ ತುಂಬಿದವರು, ನಿಜವಾಗಿ ಕೂತು ಕೇಳಿದವರು ಅಂತ ಮೂರು ಬೇರೆ ಬೇರೆ ಲೆಕ್ಕ. ಪಟ್ಟಿಗೆ ಹೋಗುವುದು ದೊಡ್ಡದು. ಜೂಮ್ ವರದಿಯಲ್ಲೂ ಒಂದು ವಿಷಯ ಗಮನಿಸಿ. ನೆಟ್‌ವರ್ಕ್ ಹೋಗಿ ಮತ್ತೆ ಬಂದವರದ್ದು ಇನ್ನೊಂದು ಸಾಲಾಗುತ್ತದೆ. ಸುಮ್ನೆ ಸಾಲು ಎಣಿಸಿದರೆ ಜನ ಜಾಸ್ತಿ ಕಾಣುತ್ತಾರೆ. ಯೂಟ್ಯೂಬ್‌ನಲ್ಲಿ ಕೆಳಗೆ ಕಾಣುವ ವೀಕ್ಷಣೆಗಳ ಸಂಖ್ಯೆ ಆಮೇಲೆ ಬಂದು ನೋಡಿದವರನ್ನೂ ಸೇರಿಸಿಕೊಂಡಿರುತ್ತದೆ. ನೇರಪ್ರಸಾರದಲ್ಲಿ ಒಟ್ಟಿಗೆ ಎಷ್ಟು ಜನ ಇದ್ದರು ಅನ್ನುವುದು ಚಾನೆಲ್‌ನವರ ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುತ್ತದೆ. ಕೇಳಿದರೆ ಏರ್ಪಡಿಸಿದವರು ಸ್ಕ್ರೀನ್‌ಶಾಟ್ ಕಳಿಸಬಹುದು.

ಲಿಂಕ್‌ಗಳನ್ನೂ ಆಗಲೇ ಒಂದೊಂದಾಗಿ ತೆಗೆದೆ. ಎರಡು ಬೇರೆ ತಾರೀಖಿನ ಸಾಲಿಗೆ ಒಂದೇ ವಿಡಿಯೊ ಇತ್ತು. ಕೆಲವು ಮೂರು ನಿಮಿಷದ ತುಣುಕು: ಚಪ್ಪಾಳೆ, ನಗು, ಕೊನೆಗೆ ಶಾಲು. ಪೂರ್ತಿ ಇದ್ದ ಒಂದೂಕಾಲು ಗಂಟೆಯ ವಿಡಿಯೊ ಒಂದಿತ್ತು. ಪೂರ್ತಿ ನೋಡಿದೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆ ಬಿಟ್ಟರೆ ಅದರಲ್ಲಿ ಕಲಿಯುವವರ ದನಿಯೇ ಇರಲಿಲ್ಲ. ಕಾರ್ಯಾಗಾರದ ರೆಕಾರ್ಡಿಂಗ್ ನೋಡುವಾಗ ನಾನೀಗ ಹುಡುಕುವುದು ಅದನ್ನೇ. ಮಕ್ಕಳು ಎಷ್ಟು ಹೊತ್ತು ಮಾತಾಡುತ್ತಾರೆ? ಒಂದು ಮಗು ತಪ್ಪು ಉತ್ತರ ಕೊಟ್ಟಾಗ ಇವರು ಏನು ಮಾಡುತ್ತಾರೆ?

ಆದರೆ ಒಂದು ಮಾತು. ರೆಕಾರ್ಡಿಂಗ್ ಇಲ್ಲ ಅಂದ ಮಾತ್ರಕ್ಕೆ ಯಾರನ್ನೂ ಅನುಮಾನಿಸಬೇಡಿ. ಜೂಮ್‌ನ ಕ್ಲೌಡ್ ರೆಕಾರ್ಡಿಂಗ್, ಮೀಟ್‌ನ ರೆಕಾರ್ಡಿಂಗ್ ಉಳಿಯುವುದು ಸಭೆ ಕರೆದವರ ಖಾತೆಯಲ್ಲಿ, ಮಾತಾಡಲು ಬಂದವರ ಹತ್ತಿರ ಅಲ್ಲ. ಕರೆದವರು ಅಳಿಸಿದರೆ ಹೋಯಿತು.

ನನಗೆ ಎಲ್ಲಕ್ಕಿಂತ ನೋವಾದದ್ದು ಮುಂದಿನದು. ಕಾರ್ಯಾಗಾರ ಆಗಿ ಮೂರು ವಾರಕ್ಕೆ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ. "ಮಿಸ್, ನಮ್ಮ ಮಾವ ನನ್ನ ವಿಡಿಯೊ ನೋಡಿದ್ರಂತೆ. ಊರಲ್ಲಿ ಎಲ್ಲರಿಗೂ ಕಳಿಸ್ತಿದ್ದಾರೆ," ಅಂದಳು. ಅಣಕು ಇಂಟರ್‌ವ್ಯೂಗೆ ಮೊದಲು ಎದ್ದು ಬಂದವಳು ಅವಳೇ. "ನಿಮ್ಮ ಬಗ್ಗೆ ಹೇಳಿ" ಅಂದಾಗ ಹೆಸರು ಹೇಳಿ ನಿಂತುಬಿಟ್ಟಿದ್ದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅರ್ಧ ನಿಮಿಷ ಸುಮ್ಮನಿದ್ದಳು. ಅದೆಲ್ಲ ಯೂಟ್ಯೂಬ್‌ನಲ್ಲಿತ್ತು, ಕಾಲೇಜಿನ ಹೆಸರಿನ ಜೊತೆ. ಹಿಂದಿನ ಸಾಲಿನಲ್ಲಿ ಟ್ರೈಪಾಡ್ ಇಟ್ಟಿದ್ದನ್ನು ನಾನು ನೋಡಿದ್ದೆ. ಕೇಳಿರಲಿಲ್ಲ.

ತರಬೇತುದಾರರಿಗೆ ಫೋನ್ ಮಾಡಿದೆ. "ಅದು ನನ್ನ ಕೆಲಸದ ದಾಖಲೆ ಮೇಡಂ," ಅಂದರು. ಆಮೇಲೆ ಆ ಹುಡುಗಿಯೇ ಯೂಟ್ಯೂಬ್‌ಗೆ ಖಾಸಗಿತನದ ದೂರು ಕೊಟ್ಟಳು. ಈ ದೂರನ್ನು ಸಾಮಾನ್ಯವಾಗಿ ವಿಡಿಯೊದಲ್ಲಿ ಇರುವವರೇ ಕೊಡಬೇಕು, ಮೇಷ್ಟ್ರು ಕೊಟ್ಟರೆ ಆಗುವುದಿಲ್ಲ. ಅವಳ ಮುಖ ಎಷ್ಟನೇ ನಿಮಿಷದಲ್ಲಿ ಬರುತ್ತದೆ ಅಂತ ಬರೆದು ಕಳಿಸಿದೆವು. ಕೆಲವು ದಿನಕ್ಕೆ ವಿಡಿಯೊ ಹೋಯಿತು. ವಾಟ್ಸಾಪ್‌ನಲ್ಲಿ ಹಂಚಿಹೋದದ್ದು ಹೋಗಲಿಲ್ಲ.

ಈಗ ಯಾರನ್ನು ಕರೆದರೂ ಒಪ್ಪಂದದ ಪತ್ರದಲ್ಲಿ ಮೂರು ಸಾಲು ಬರೆಯುತ್ತೇನೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಕಡೇಪಕ್ಷ ಒಂದು ಸರದಿ ಸಿಗಬೇಕು, ಬಾಕಿ ಹಣ ಅದಾದಮೇಲೆ. ವಿದ್ಯಾರ್ಥಿಗಳ ಮುಖ, ದನಿ ಇರುವ ರೆಕಾರ್ಡಿಂಗ್ ಅವರವರ ಸಹಿ ಇಲ್ಲದೆ ಎಲ್ಲೂ ಹಾಕಬಾರದು. ನಮ್ಮ ಕಾರ್ಯಕ್ರಮವನ್ನು ಪಟ್ಟಿಗೆ ಸೇರಿಸುವುದಾದರೆ ನಾವು ಬರೆದುಕೊಟ್ಟ ಹಾಜರಿಯನ್ನೇ ಹಾಕಬೇಕು.

ಮೂರನೆಯ ಸಾಲು ಯಾಕೆ ಅಂದರೆ, ಆ ತರಬೇತುದಾರರ ಹೊಸ ಪಟ್ಟಿ ಮೊನ್ನೆ ಇನ್ನೊಂದು ಕಾಲೇಜಿನ ಗೆಳತಿಗೆ ಬಂದಿತ್ತು. ಅವಳು ನನಗೆ ಕಳಿಸಿದಳು. ನಮ್ಮ ಕಾಲೇಜಿನ ಸಾಲೂ ಅದರಲ್ಲಿದೆ: ಎರಡು ದಿನದ ಕಾರ್ಯಾಗಾರ, 250 ಜನ. ಯಾರಾದರೂ ಫೋನ್ ಮಾಡಿ ಕೇಳಿದರೆ ಹೇಳುತ್ತೇನೆ. ಕೂತವರು 62, ಸರದಿ ಸಿಕ್ಕಿದ್ದು ಒಂಬತ್ತು ಮಕ್ಕಳಿಗೆ.