ಕಿಲ್ಲರ್ ಸುಡೊಕು: ಪಂಜರದ ಜೋಡಿ ಮೊದಲೋ, 45ರ ಲೆಕ್ಕ ಮೊದಲೋ?

ತೀರ್ಥಹಳ್ಳಿಯಲ್ಲಿ ಮಳೆಗೆ ಕರೆಂಟ್ ಹೋದರೆ ನನಗೆ ಕಿಲ್ಲರ್ ಸುಡೊಕುವೇ ಗತಿ. ಶುರು ಮಾಡಲು ದಾರಿ ಎರಡು.

ಒಂದು, ಪಂಜರದ ಮೊತ್ತ ನೋಡುವುದು. ಪಂಜರ ಅಂದರೆ ಚುಕ್ಕಿಗೆರೆಯೊಳಗಿನ ಮನೆಗಳ ಗುಂಪು; ಅದರ ಅಂಕಿಗಳೆಲ್ಲ ಬೇರೆ ಬೇರೆ, ಕೂಡಿದರೆ ಅಲ್ಲಿ ಬರೆದ ಮೊತ್ತ ಬರಬೇಕು. ಎರಡು ಮನೆಗೆ 16 ಅಂದರೆ 7, 9 ಬಿಟ್ಟು ಬೇರೆ ಇಲ್ಲ. ಆದರೆ ಮೂರು ಮನೆಗೆ 15 ಬಂದರೆ ಎಂಟು ಗುಂಪು! ಬರೆದು ಬರೆದು ಪೆನ್ಸಿಲ್ ಸವೆಯುತ್ತದೆ ಅಷ್ಟೆ.

ಇನ್ನೊಂದು, 45ರ ಲೆಕ್ಕ. ಸಾಲಾಗಲಿ 3×3 ಚೌಕವಾಗಲಿ, 1ರಿಂದ 9 ಕೂಡಿದರೆ 45. ನಿನ್ನೆಯ ಒಂದು ಚೌಕದಲ್ಲಿ ಎರಡು ಮನೆಯ 16, ಜೊತೆಗೆ 8, 10ರ ಪಂಜರಗಳು ಪೂರ್ತಿ ಒಳಗಿದ್ದವು. ಅದೇ 15ರ ಪಂಜರದ ಎರಡು ಮನೆ ಒಳಗೆ, ಒಂದು ಹೊರಗೆ. ನಾಲ್ಕೂ ಕೂಡಿದರೆ 49. 45 ಕಳೆದರೆ ಹೊರಗಿನ ಮನೆಗೆ 4. ಒಳಗಿನ ಎರಡಕ್ಕೆ ಉಳಿದದ್ದು 11. 7, 9 ಆಗಲೇ ಹೋಗಿವೆ, ಹಾಗಾಗಿ 3–8 ಇಲ್ಲವೇ 5–6. ಎಂಟು ಗುಂಪು ಎರಡಕ್ಕೆ ಇಳಿಯಿತು, ಅಲ್ವಾ?

ಎರಡು ಮನೆ ಹೊರಗೆ ಚಾಚಿದ್ದರೆ ಮಾತ್ರ ಅವುಗಳ ಮೊತ್ತವಷ್ಟೇ ಸಿಗುತ್ತದೆ. ಆಗ ಅಕ್ಕಪಕ್ಕದ ಎರಡು ಚೌಕ ಸೇರಿಸಿ 90ಕ್ಕೆ ಹೋಲಿಸಿ.

ನಾನಂತೂ ಮೊದಲು 45 ಹಿಡಿಯುತ್ತೇನೆ. ಚಿಕ್ಕ ಪಂಜರಗಳೇ ಜಾಸ್ತಿ ಇದ್ದು, 3, 4, 16, 17 ಕಣ್ಣಿಗೆ ಬಿದ್ದರೆ ಜೋಡಿಯಿಂದಲೇ ಶುರು.